ನಿಮ್ಮ ಸಂಸ್ಥೆ ಏನ್ ಮಾಡುತ್ತೆ? ಒಂದೇ ವಾಕ್ಯದಲ್ಲಿ ಹೇಳಿ

1/8

ಈ ವಾಕ್ಯ ಒಮ್ಮೆ ಓದಿ.

"ಗ್ರಾಮೀಣ ಪ್ರದೇಶದ ದುರ್ಬಲ ವರ್ಗಗಳ ಸಮಗ್ರ ಸಬಲೀಕರಣ ಹಾಗೂ ಸಾಮಾಜಿಕ ಭದ್ರತೆಯ ಮೂಲಕ ಸುಸ್ಥಿರ, ಸಮಾನ ಮತ್ತು ಘನತೆಯುತ ಸಮಾಜದ ನಿರ್ಮಾಣ."

ಈಗ ಹೇಳಿ, ಈ ಸಂಸ್ಥೆಯವರು ಬೆಳಗ್ಗೆ ಎದ್ದು ಏನ್ ಮಾಡ್ತಾರೆ? ಬೋರ್‌ವೆಲ್ ಕೊರೆಸ್ತಾರಾ? ಟೈಲರಿಂಗ್ ಕಲಿಸ್ತಾರಾ? ಕಣ್ಣಿನ ಕ್ಯಾಂಪ್ ಮಾಡ್ತಾರಾ? ಮೂರೂ ಇರಬಹುದು, ಮೂರೂ ಇಲ್ಲದೇ ಇರಬಹುದು. ವಾಕ್ಯ ಮಾತ್ರ ಎಲ್ಲದಕ್ಕೂ ಒಪ್ಪುತ್ತೆ.

ವಾಕ್ಯ ನಾನೇ ಕಟ್ಟಿದ್ದು, ಸಂಸ್ಥೆಯೂ ಉದಾಹರಣೆಗೆ ಇಟ್ಟುಕೊಂಡದ್ದು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನಲ್ಲಿ ಒಂದು ಸಣ್ಣ ಸಂಸ್ಥೆ ಇದೆ ಅಂತಿಟ್ಟುಕೊಳ್ಳಿ. ಐದು ಜನ ಕಾರ್ಯಕರ್ತರು, ಎರಡು ಹಳೇ ಬೈಕು, ಬಾಡಿಗೆಗೆ ಒಂದು ಕೋಣೆ, ಬಾಗಿಲ ಮೇಲೆ ಮೇಲಿನ ವಾಕ್ಯ ಬರೆದ ಬೋರ್ಡು. ಅವರು ನಿಜವಾಗಿ ಮಾಡೋ ಕೆಲಸ ಇದು: ಪಿಂಚಣಿ ನಿಂತುಹೋದ ಅಜ್ಜ ಅಜ್ಜಿಯರ ಮನೆಗೆ ಹೋಗಿ, ಯಾಕೆ ನಿಂತಿದೆ ಅಂತ ಹುಡುಕಿ, ಮತ್ತೆ ಬರೋ ಹಾಗೆ ಮಾಡೋದು.

ಆರು ತಿಂಗಳಿಂದ ಸಂಧ್ಯಾ ಸುರಕ್ಷಾ ಹಣ ಬಾರದ ಅಜ್ಜಿಯೊಬ್ಬರು ಅದೇ ಬೋರ್ಡಿನ ಕೆಳಗೆ ಬಸ್ಸಿಗೆ ಕಾಯ್ತಾ ಕೂತಿರ್ತಾರೆ ಅಂದುಕೊಳ್ಳಿ. ತಿಂಗಳಿಗೆ 1200 ರೂಪಾಯಿ ಲೆಕ್ಕ ಹಾಕಿದರೂ 7200 ರೂಪಾಯಿ. ಅಜ್ಜಿಗೆ ಓದೋಕೆ ಬರದಿದ್ದರೆ ಪಕ್ಕದಲ್ಲಿ ಕೂತ ಮೊಮ್ಮಗಳು ಓದಿ ಹೇಳ್ತಾಳೆ. ಹೇಳಿದರೂ ಇಬ್ಬರೂ ಎದ್ದು ಒಳಗೆ ಹೋಗಲ್ಲ. ಹೋಗೋಕೆ ಅಲ್ಲಿ ಕಾರಣವೇ ಬರೆದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಇದು ಚಂದದ ಭಾಷೆಯ ಪ್ರಶ್ನೆ ಅಲ್ಲ. ಆ ಬೋರ್ಡು ತನ್ನ ಮುಂದೆಯೇ ಕೂತವರನ್ನ ಒಳಗೆ ಕರೆಯುತ್ತಿಲ್ಲ. ಅದನ್ನ ಬದಲಾಯಿಸಬಹುದು. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

2/8

ಮೊದಲು, ಇಂಥ ವಾಕ್ಯ ಎಲ್ಲಿಂದ ಬರುತ್ತೆ ಅಂತ ತಿಳ್ಕೊಳ್ಳಿ. ಬರೆದವರು ದಡ್ಡರಲ್ಲ. ಅದಕ್ಕೆ ಕಾರಣಗಳಿವೆ.

ಒಂದು, ಟ್ರಸ್ಟ್ ಡೀಡ್. ಸಂಸ್ಥೆ ನೋಂದಣಿ ಮಾಡಿಸುವಾಗ "ಉದ್ದೇಶಗಳು" ಅನ್ನೋ ಭಾಗ ಬರೆಯಬೇಕು. ವಕೀಲರು ಅದನ್ನ ಬೇಕಂತಲೇ ಅಗಲವಾಗಿ ಬರೀತಾರೆ. ನಾಳೆ ಶಾಲೆ ನಡೆಸ್ಬೇಕು ಅನ್ನಿಸಿದರೆ ಡೀಡ್ ಅಡ್ಡ ಬರಬಾರದಲ್ವಾ? ತೆರಿಗೆ ವಿನಾಯಿತಿಗೂ ಇಂಥ ಭಾಷೆಯೇ ಒಗ್ಗುತ್ತೆ. 1961ರ ಆದಾಯ ತೆರಿಗೆ ಕಾಯ್ದೆಯ 2(15)ನೇ ಸೆಕ್ಷನ್ "ದತ್ತಿ ಉದ್ದೇಶ" ಅಂದರೆ ಏನು ಅಂತ ಪಟ್ಟಿ ಕೊಟ್ಟಿತ್ತು: ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ರಕ್ಷಣೆ, ಕೊನೆಗೆ ಸಾರ್ವಜನಿಕರಿಗೆ ಉಪಯೋಗವಾಗುವ ಇನ್ಯಾವುದೇ ಉದ್ದೇಶ. ಡೀಡಿನ ಭಾಷೆ ಈ ಪಟ್ಟಿಯ ನೆರಳಲ್ಲೇ ಬೆಳೆದದ್ದು.

ಎರಡು, ಹಣ ಕೊಡೋರ ಅರ್ಜಿ. ಕಂಪನಿಗಳ ಸಿಎಸ್‌ಆರ್ ಹಣ ಎಲ್ಲೆಲ್ಲಿ ಖರ್ಚಾಗಬಹುದು ಅಂತ 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್ ಹೇಳುತ್ತೆ. ಅಲ್ಲಿ ಲಿಂಗ ಸಮಾನತೆ, ಮಹಿಳಾ ಸಬಲೀಕರಣ ಅನ್ನೋ ಪದಗಳೇ ಇವೆ. ಅರ್ಜಿಗೆ ಆ ಪದ ಬೇಕು, ಹಾಕ್ತಾರೆ. ಆಮೇಲೆ ಅದೇ ಇಂಗ್ಲಿಷ್ ಪ್ಯಾರಾ ಕನ್ನಡಕ್ಕೆ ತಿರುಗಿ, ಬ್ರೋಶರಿಗೆ ಬಂದು, ಅಲ್ಲಿಂದ ಬೋರ್ಡಿಗೆ ಏರುತ್ತೆ.

ಡೀಡಿಗೆ ಆ ಭಾಷೆ ಸರಿ. ಅರ್ಜಿಯ ಕಾಲಮ್ಮಿಗೂ ಸರಿ. ತಪ್ಪಾಗಿರೋದು ಒಂದೇ: ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರೆದದ್ದನ್ನ ಬಸ್‌ಸ್ಟಾಪಿಗೆ ತಂದು ನೇತು ಹಾಕಿರೋದು. ಹಾಗಾಗಿ ಡೀಡನ್ನ ಮುಟ್ಟಬೇಡಿ. ನಾವು ಬದಲಾಯಿಸ್ತಿರೋದು ಬೋರ್ಡು, ಬ್ರೋಶರು, ಹೊಸಬರಿಗೆ ಹೇಳೋ ಮೊದಲ ಮಾತು, ಇಷ್ಟನ್ನ ಮಾತ್ರ.

3/8

ಈಗ ವಾಕ್ಯದ ಒಳಗೆ ಹೋಗೋಣ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ನಮ್ಮ ಕ್ರಿಯಾಪದದ ಕೊನೆಯಲ್ಲೇ ಯಾರು ಮಾಡಿದ್ದು ಅಂತ ಗೊತ್ತಾಗುತ್ತೆ. "ಹೋಗುತ್ತೇವೆ" ಅಂದರೆ ಸಾಕು, "ನಾವು" ಅಂತ ಬೇರೆ ಹೇಳಬೇಕಿಲ್ಲ. ಮೇಲಿನ ವಾಕ್ಯ ಎಲ್ಲಿ ಮುಗಿಯುತ್ತೆ ನೋಡಿ: "ಸಮಾಜದ ನಿರ್ಮಾಣ." ಕ್ರಿಯಾಪದವೇ ಇಲ್ಲ. ನಿರ್ಮಾಣ ಮಾಡೋರು ಯಾರು, ಮಾಡ್ತಿದ್ದಾರಾ, ಮಾಡಬೇಕು ಅಂತಿದ್ದಾರಾ, ಮಾಡಿ ಮುಗಿಸಿದ್ರಾ? ವಾಕ್ಯ ಬಾಯಿ ಬಿಡಲ್ಲ.

ಹಾಗಾಗಿ ಮೊದಲ ನಿಯಮ: ವಾಕ್ಯ "-ತ್ತೇವೆ" ಅಂತ ಮುಗಿಯಬೇಕು.

ಆದರೆ ಇಲ್ಲೊಂದು ಕಳ್ಳದಾರಿ ಇದೆ. "ನಿರ್ಮಾಣ ಮಾಡುತ್ತೇವೆ", "ಸಬಲೀಕರಣ ಮಾಡುತ್ತೇವೆ" ಅಂದುಬಿಟ್ಟರೆ? ಬಾಲಕ್ಕೆ ಕ್ರಿಯಾಪದ ಬಂತು, ಕೆಲಸ ಬರಲಿಲ್ಲ. ಅದಕ್ಕೇ ಎರಡನೇ ನಿಯಮ: ಆ ಕ್ರಿಯಾಪದ ಕಣ್ಣಿಗೆ ಕಾಣಬೇಕು. ಹೋಗುತ್ತೇವೆ, ಬರೆಯುತ್ತೇವೆ, ತುಂಬುತ್ತೇವೆ, ಕೂರುತ್ತೇವೆ, ಕೇಳುತ್ತೇವೆ. ಒಬ್ಬ ಕಾರ್ಯಕರ್ತೆ ಅದನ್ನ ಮಾಡ್ತಿರುವಾಗ ನೀವು ಫೋಟೋ ತೆಗೆಯೋಕೆ ಆಗುತ್ತಾ? ಆದರೆ ಆ ಪದ ಇಟ್ಕೊಳ್ಳಿ. "ಸಬಲೀಕರಣ"ದ ಫೋಟೋ ತೆಗೆಯಿರಿ ನೋಡೋಣ. ಅಲ್ಲಿ ಬರೋದು ವೇದಿಕೆ, ಬ್ಯಾನರ್, ದೀಪ ಹಚ್ಚೋ ಅತಿಥಿ.

ಇನ್ನೊಂದು ಗುರುತು ಹೇಳ್ತೀನಿ. "ಮೂಲಕ" ಅನ್ನೋ ಪದ ಹುಡುಕಿ. ಇಂಥ ವಾಕ್ಯಗಳಲ್ಲಿ ಸಾಮಾನ್ಯವಾಗಿ ಇರುತ್ತೆ. "ಮೂಲಕ"ದ ಬಲಕ್ಕೆ ಕನಸು, ಎಡಕ್ಕೆ ಕೆಲಸ. ಬಲಗಡೆ ಇರೋದನ್ನ ಸದ್ಯಕ್ಕೆ ಪೂರ್ತಿ ಅಳಿಸಿ. ಎಡಗಡೆ ಉಳಿದಿದ್ದಕ್ಕೆ "ಅಂದ್ರೆ ಹೇಗೆ?" ಅಂತ ಕೇಳಿ. ಬಂದ ಉತ್ತರಕ್ಕೂ "ಅಂದ್ರೆ ಹೇಗೆ?" ಅಂತ ಕೇಳಿ. ಯಾರಾದರೂ ಎದ್ದು ಎಲ್ಲಿಗಾದರೂ ಹೋಗೋ ತನಕ ಕೇಳ್ತಾ ಇರಿ.

"ಸಾಮಾಜಿಕ ಭದ್ರತೆ." ಅಂದ್ರೆ ಹೇಗೆ? "ಪಿಂಚಣಿ ಸಿಗೋ ಹಾಗೆ ಮಾಡೋದು." ಅಂದ್ರೆ ಹೇಗೆ? "ನಿಂತುಹೋದವರದ್ದನ್ನ ಸರಿ ಮಾಡಿಸೋದು." ಅಂದ್ರೆ ಹೇಗೆ? "ಮನೆಗೆ ಹೋಗಿ ಪಾಸ್‌ಬುಕ್ ನೋಡ್ತೀವಿ, ಆಮೇಲೆ ಬ್ಯಾಂಕಿಗೆ ಕರ್ಕೊಂಡು ಹೋಗ್ತೀವಿ."

ಸಿಕ್ತಲ್ಲ.

4/8

ಸಂಸ್ಥೆಗಳು ಮಿಷನ್ ಬರೆಯೋಕೆ ಎರಡು ದಿನದ ಕಾರ್ಯಾಗಾರ ಇಟ್ಕೊಳ್ತಾರೆ. ಬಣ್ಣದ ಚೀಟಿ ಹಂಚ್ತಾರೆ, "ನಿಮಗೆ ಮುಖ್ಯವಾದ ಮೌಲ್ಯ ಬರೆಯಿರಿ" ಅಂತಾರೆ. ಮೌಲ್ಯ ಕೇಳಿದರೆ ಸಿಗೋದು ಭಾವವಾಚಕ ನಾಮಪದಗಳೇ. ಘನತೆ, ಸಮಾನತೆ, ನಂಬಿಕೆ. ಅವನ್ನೆಲ್ಲ ಪೋಣಿಸಿದರೆ ಮತ್ತದೇ ಬೋರ್ಡು.

ಚೀಟಿ ಬಿಡಿ, ಕಪಾಟು ತೆಗೀರಿ. ಅಲ್ಲಿ ಮೂರು ಪುಸ್ತಕ ಇರುತ್ತೆ: ಕಾರ್ಯಕರ್ತರ ದಿನಚರಿ, ಪ್ರಯಾಣದ ವೋಚರುಗಳು, ಆಫೀಸಿಗೆ ಬಂದ ಫೋನ್ ಬರೆದಿಟ್ಟ ನೋಟ್‌ಬುಕ್. ಹಿಂದಿನ ಮೂರು ತಿಂಗಳದ್ದು ಸಾಕು. ಒಂದೊಂದು ದಿನಕ್ಕೂ ಒಂದೇ ಕ್ರಿಯಾಪದ ಬರೀತಾ ಹೋಗಿ. ಆ ದಿನದ ಹೆಚ್ಚು ಹೊತ್ತು ಯಾವುದಕ್ಕೆ ಹೋಯ್ತೋ ಅದು.

ನಮ್ಮ ಉದಾಹರಣೆಯ ಸಂಸ್ಥೆಯಲ್ಲಿ ಹೀಗೆ ಎಣಿಸಿದಾಗ ನೂರು ದಿನದಲ್ಲಿ ಅರವತ್ತು ಪಿಂಚಣಿಗೆ ಹೋಗಿದೆ ಅಂದುಕೊಳ್ಳಿ. ಹದಿನೈದು ಸ್ವಸಹಾಯ ಸಂಘದ ಸಭೆಗೆ, ಹದಿನೈದು ವರದಿ ಬರೆಯೋಕೆ, ಹತ್ತು ಮಹಿಳಾ ದಿನಾಚರಣೆ, ಶಾಲೆಯ ಚಿತ್ರಸ್ಪರ್ಧೆ ಇಂಥದ್ದಕ್ಕೆ. ಬ್ರೋಶರ್ ತೆಗೆದು ನೋಡಿದರೆ ತಲೆಕೆಳಗು: ಮುಖಪುಟದಲ್ಲಿ ಚಿತ್ರಸ್ಪರ್ಧೆ, ಪಿಂಚಣಿ ಕೊನೇ ಪುಟದಲ್ಲಿ ಎರಡು ಸಾಲು.

ಆಶ್ಚರ್ಯ ಏನಿಲ್ಲ. ಪಿಂಚಣಿ ಕೆಲಸದ್ದು ಒಳ್ಳೇ ಫೋಟೋ ಬರಲ್ಲ. ಅದು ಹೀಗಿರುತ್ತೆ: ಅಜ್ಜಿ ಪೋಸ್ಟಾಫೀಸಿನ ಪಾಸ್‌ಬುಕ್ ತೋರಿಸಿ "ದುಡ್ಡೇ ಬಂದಿಲ್ಲ ಕಣಮ್ಮ" ಅಂತಾರೆ. ಈಚೆಗೆ ಬೇರೆ ಬ್ಯಾಂಕಲ್ಲಿ ಖಾತೆ ಮಾಡಿಸಿದ್ರಾ ಅಂತ ಕಾರ್ಯಕರ್ತೆ ಕೇಳ್ತಾಳೆ. ಹೌದು, ಗೃಹಲಕ್ಷ್ಮಿಗೆ ಅಂತ ಮಾಡಿಸಿದ್ದಾರೆ. ಆಧಾರ್ ನಂಬರಿನ ಮೇಲೆ ಹೋಗೋ ಸರ್ಕಾರಿ ಹಣ, ಆಧಾರ್‌ಗೆ ಕೊನೇಲಿ ಯಾವ ಖಾತೆ ಜೋಡಿಸಿದೆಯೋ ಆ ಖಾತೆಗೆ ಬೀಳುತ್ತೆ. ಪಿಂಚಣಿ ಹೊಸ ಖಾತೆಗೆ ಬೀಳ್ತಿದೆ, ಅಜ್ಜಿ ಹಳೇ ಪಾಸ್‌ಬುಕ್ ನೋಡ್ತಾ ಕೂತಿದ್ದಾರೆ.

ಇದನ್ನ ಖಚಿತ ಮಾಡ್ಕೊಳ್ಳೋಕೆ ಆಧಾರ್ ವೆಬ್‌ಸೈಟಿನಲ್ಲಿ Bank Seeding Status ನೋಡಬೇಕು. ಒಳಗೆ ಹೋಗೋಕೆ ಓಟಿಪಿ ಬೇಕು. ಓಟಿಪಿ ಹೋಗೋದು ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗೋ ಮಗಳ ಫೋನಿಗೆ. ಅವಳ ಊಟದ ಬಿಡುವಿಗೆ ಕಾದು ಫೋನ್ ಮಾಡಬೇಕು. ಅರ್ಧ ದಿನ ಹೋಯ್ತು.

ಇದು ಸುಲಭದ ಕೇಸು. ಪಟ್ಟಿಯಲ್ಲಿ ತಪ್ಪಾಗಿ "ಮೃತ" ಅಂತ ಬಿದ್ದಿದ್ದರೆ, ಬದುಕಿದ್ದೀನಿ ಅಂತ ತೋರಿಸೋಕೆ ನಾಡಕಚೇರಿ, ಗ್ರಾಮ ಆಡಳಿತಾಧಿಕಾರಿ, ತಾಲ್ಲೂಕು ಕಚೇರಿ ಅಂತ ಮೂರ್ನಾಲ್ಕು ಓಡಾಟ.

ಈ ಅಲೆದಾಟವೇ ಆ ಸಂಸ್ಥೆ. ವಾಕ್ಯದಲ್ಲಿ ಬರಬೇಕಾದದ್ದು ಇದೇ.

5/8

ಬನ್ನಿ, ಬರೆಯೋಣ. ಮೊದಲ ಸಲಕ್ಕೇ ಬರಲ್ಲ. ನಾಲ್ಕು ಸಲ ಬರೀತೀನಿ, ಮೂರು ಯಾಕೆ ಬಿದ್ದುಹೋಗುತ್ತೆ ನೋಡಿ.

ಒಂದು: "ವೃದ್ಧರಿಗೆ ಸಾಮಾಜಿಕ ಭದ್ರತೆ ಒದಗಿಸುತ್ತೇವೆ."
"-ತ್ತೇವೆ" ಇದೆ. ಆದರೆ ಸುಳ್ಳು. ಒದಗಿಸೋದು ಸರ್ಕಾರ. ಸಂಸ್ಥೆ ಒಂದು ರೂಪಾಯಿನೂ ಒದಗಿಸ್ತಿಲ್ಲ. "ಒದಗಿಸು" ಕಚೇರಿ ಪದ, ಏನೇ ಇಟ್ಟರೂ ಅದರ ಹಿಂದೆ ಅಡಗುತ್ತೆ.

ಎರಡು: "ಪಿಂಚಣಿ ಯೋಜನೆಗಳ ಬಗ್ಗೆ ಅರಿವು ಮೂಡಿಸುತ್ತೇವೆ."
ಇದು ಸುಳ್ಳಲ್ಲ, ಆದರೆ ಕೆಲಸವನ್ನ ಕುಗ್ಗಿಸುತ್ತೆ. ಪಿಂಚಣಿ ನಿಂತಿದೆ ಅನ್ನೋ ಅರಿವು ಅಜ್ಜಿಗೆ ನಿಮಗಿಂತ ಚೆನ್ನಾಗಿದೆ. ಇಲ್ಲದಿರೋದು ಓಟಿಪಿ, ಬಸ್ ಚಾರ್ಜು, ಕೌಂಟರಿನಲ್ಲಿ ಮಾತಾಡೋ ಧೈರ್ಯ.

ಮೂರು: "ಶಿರಾ ತಾಲ್ಲೂಕಿನ ವೃದ್ಧರಿಗೆ ಪಿಂಚಣಿ ಕೊಡಿಸುತ್ತೇವೆ."
ಹತ್ತಿರ ಬಂತು. "ಕೊಡಿಸು" ಅನ್ನೋ ಪದ ನೋಡಿ, ಎಷ್ಟು ಪ್ರಾಮಾಣಿಕ. ಕೊಡೋರು ಬೇರೆ, ನಾವು ಕೊಡೋ ಹಾಗೆ ಮಾಡೋರು. ಒಂದೇ "ಇಸು" ಎರಡನ್ನೂ ಹೇಳುತ್ತೆ. ಆದರೂ ಇದನ್ನ ಬಿಡಬೇಕಾಗುತ್ತೆ. ತಾಲ್ಲೂಕು ಕಚೇರಿ ಎದುರು ಕೂತ ದಲ್ಲಾಳಿ ಹೇಳೋದೂ ಇದೇ ಮಾತು. ಜೊತೆಗೆ, ಅರ್ಹತೆ ಇಲ್ಲದವರಿಗೂ ಹೊಸದಾಗಿ ಮಂಜೂರು ಮಾಡಿಸಿಕೊಡ್ತಾರೆ ಅನ್ನೋ ಆಸೆ ಹುಟ್ಟಿಸುತ್ತೆ. ಸಂಸ್ಥೆಯ ಕೈಲಿ ಅದಾಗಲ್ಲ.

ನಾಲ್ಕು: "ಶಿರಾ ತಾಲ್ಲೂಕಿನಲ್ಲಿ ಪಿಂಚಣಿ ನಿಂತುಹೋದ ವೃದ್ಧರು ಮತ್ತು ವಿಧವೆಯರ ಮನೆಗೆ ಹೋಗಿ, ಯಾಕೆ ನಿಂತಿದೆ ಅಂತ ಪತ್ತೆ ಹಚ್ಚಿ, ಅದು ಸರಿಯಾಗುವವರೆಗೂ ಬ್ಯಾಂಕು, ಕಚೇರಿಗೆ ಅವರ ಜೊತೆ ಓಡಾಡುತ್ತೇವೆ, ದುಡ್ಡು ತೆಗೆದುಕೊಳ್ಳುವುದಿಲ್ಲ."

ಯಾರಿಗೆ, ಎಲ್ಲಿ, ಏನು, ಎಲ್ಲಿಯವರೆಗೆ. ನಾಲ್ಕೂ ಇದೆ. ಕೊನೇ ತುಂಡು ಅಲಂಕಾರ ಅಲ್ಲ, ದಲ್ಲಾಳಿಯಿಂದ ಬೇರೆ ಮಾಡೋ ಗೆರೆ ಅದು.

ಸಂಖ್ಯೆ ಹಾಕಿಲ್ಲ ಗಮನಿಸಿ. "500 ವೃದ್ಧರಿಗೆ" ಅಂತ ಬೋರ್ಡಲ್ಲಿ ಬರೆದರೆ ಮುಂದಿನ ವರ್ಷ ಅದು ಹಳಸುತ್ತೆ. ಸಂಖ್ಯೆಯ ಜಾಗ ವಾರ್ಷಿಕ ವರದಿ.

6/8

ಬರೆದಾಯ್ತು. ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ? ಮೂರು ಪರೀಕ್ಷೆ.

ಹೆಸರು ಬದಲಿಸಿ ನೋಡಿ. ನಿಮ್ಮ ಹೆಸರು ತೆಗೆದು ಪಕ್ಕದೂರಿನ ಇನ್ನೊಂದು ಸಂಸ್ಥೆಯ ಹೆಸರು ಹಾಕಿ. ಆಗಲೂ ವಾಕ್ಯ ಹೊಂದಿದರೆ ಅದು ನಿಮ್ಮದಲ್ಲ. ಹಳೇ ಬೋರ್ಡು ಕಣ್ಣಾಸ್ಪತ್ರೆ ಟ್ರಸ್ಟಿಗೂ ಹೊಂದುತ್ತೆ, ಗೋಶಾಲೆಗೂ ಹೆಚ್ಚುಕಮ್ಮಿ ಹೊಂದುತ್ತೆ. ಹೊಸದು ಹೊಂದಲ್ಲ.

ತಿರುಗಿಸಿ ನೋಡಿ. "ಅಸಮಾನ, ಘನತೆ ಇಲ್ಲದ ಸಮಾಜ ನಿರ್ಮಿಸುತ್ತೇವೆ" ಅಂತ ಯಾರಾದರೂ ಹೇಳ್ತಾರಾ? ಹೇಳಲ್ಲ. ಯಾರೂ ತಿರುಗಿಸಿ ಹೇಳದ ಮಾತು ಯಾವ ಸುದ್ದಿಯನ್ನೂ ಕೊಡಲ್ಲ. "ಮನೆಗೆ ಹೋಗುತ್ತೇವೆ" ಅನ್ನೋದನ್ನ ತಿರುಗಿಸಿ: "ಮನೆಗೆ ಹೋಗುವುದಿಲ್ಲ, ನೀವೇ ಆಫೀಸಿಗೆ ಬನ್ನಿ." ಹಾಗೆ ಕೆಲಸ ಮಾಡೋ ಸಂಸ್ಥೆಗಳು ಇರಬಹುದು. ಅಂದರೆ ನಿಮ್ಮ ವಾಕ್ಯ ಏನೋ ಒಂದನ್ನ ಆರಿಸ್ಕೊಂಡಿದೆ.

ಮೂರನೇದು ಮುಖ್ಯವಾದದ್ದು. ವಾಕ್ಯವನ್ನ ಬುಕ್ಕಾಪಟ್ಟಣದ ಸಂತೆಯಲ್ಲೋ ಕಳ್ಳಂಬೆಳ್ಳದ ಬಸ್‌ಸ್ಟಾಪಲ್ಲೋ ಹತ್ತು ಜನಕ್ಕೆ ಓದಿ ಹೇಳಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಆಯ್ತು ಅಂತಾರೆ. "ನಿಮಗೆ ಗೊತ್ತಿರೋರಲ್ಲಿ ಯಾರನ್ನ ನಮ್ಮ ಹತ್ರ ಕಳಿಸ್ತೀರಿ?" ಅಂತ ಕೇಳಿ. "ನಮ್ಮ ಬೀದಿ ತುದಿ ಮನೆ ಅಜ್ಜಿ, ಮೂರು ತಿಂಗಳಿಂದ ಬಂದಿಲ್ಲ ಅಂತಿದ್ರು" ಅಂದರೆ ವಾಕ್ಯ ಕೆಲಸ ಮಾಡ್ತಿದೆ. "ನಮ್ಮ ಹುಡುಗನಿಗೆ ಕೆಲಸ ಕೊಡಿಸ್ತೀರಾ?" ಅಂದರೆ ಮತ್ತೆ ಕೂತು ತಿದ್ದಿ.

7/8

ಈಗ ಬರೋ ತಕರಾರುಗಳು. ಕೆಲವು ನ್ಯಾಯವಾದದ್ದೇ.

"ನಮ್ಮ ಕನಸು ದೊಡ್ಡದು, ಇದು ತೀರಾ ಸಣ್ಣದಾಯ್ತು." ಕನಸು ಬಿಡಬೇಡಿ, ಎರಡನೇ ವಾಕ್ಯ ಮಾಡಿ. ಮೊದಲು ಏನ್ ಮಾಡ್ತೀವಿ, ಆಮೇಲೆ ಯಾಕೆ ಮಾಡ್ತೀವಿ. ಆ ಕ್ರಮದಲ್ಲಿ "ಘನತೆ" ಅನ್ನೋ ಪದವೂ ಬರಬಹುದು. ಪಾಸ್‌ಬುಕ್ ಕಂಡ ಮೇಲೆ ಅದಕ್ಕೆ ಅರ್ಥ ಇರುತ್ತೆ.

"ಫಂಡಿಂಗ್ ಕೊಡೋರು ಒಪ್ಪಲ್ಲ." ಅವರ ಫಾರ್ಮಿನಲ್ಲಿ ಯಾವ ವಿಭಾಗ ಅಂತ ಕೇಳೋ ಕಾಲಂ ಇದ್ದರೆ ಅವರ ಪದ ಅಲ್ಲಿ ಹಾಕಿ. ಕೆಳಗೆ ವಿವರಣೆಯಲ್ಲಿ ನಿಮ್ಮ ವಾಕ್ಯ ಇಡಿ. ಅರ್ಜಿ ಓದೋ ಮನುಷ್ಯರೂ ಇಡೀ ದಿನ "ಸಮಗ್ರ", "ಸುಸ್ಥಿರ" ಓದಿ ಸಾಕಾಗಿರ್ತಾರೆ.

"ನಾವು ಪಿಂಚಣಿ ಒಂದೇ ಮಾಡಲ್ಲ, ಸ್ವಸಹಾಯ ಸಂಘನೂ ಇದೆ." ಹಾಗಾದರೆ ಎರಡು ವಾಕ್ಯ ಬರೀರಿ. ಎರಡೂ ಒಂದೇ ಮನೆಗೆ ತಲುಪ್ತಿದೆಯಾ ನೋಡಿ. ತಲುಪ್ತಿದ್ದರೆ ಸೇರಿಸಬಹುದು. ಇಲ್ಲ ಅಂದರೆ ಅವು ಎರಡು ಬೇರೆ ಕೆಲಸ. "ಸಮಗ್ರ" ಅನ್ನೋ ಪದ ಇಷ್ಟು ದಿನ ಆ ಹೊಲಿಗೆಯನ್ನ ಮುಚ್ಚಿತ್ತು. ಜನ ಹುಡುಕಿಕೊಂಡು ಬರೋದು ಯಾವುದಕ್ಕೋ ಅದು ಬೋರ್ಡಿಗೆ.

"ನಮ್ಮದು ಸೇವೆ ಅಲ್ಲ, ಹಕ್ಕಿನ ಹೋರಾಟ. ಪಾರದರ್ಶಕತೆ, ಉತ್ತರದಾಯಿತ್ವ ಇವನ್ನ ಹೇಗೆ ಕಣ್ಣಿಗೆ ಕಾಣಿಸೋದು?" ಇದು ಗಟ್ಟಿ ಪ್ರಶ್ನೆ. ಉತ್ತರ ರಾಜಸ್ಥಾನದಲ್ಲಿದೆ. ಅಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಏನ್ ಮಾಡ್ತು ನೋಡಿ. ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನ ತಂದು, ಊರ ನಡುವೆ ಜನರನ್ನ ಸೇರಿಸಿ, ಹೆಸರು ಹೆಸರಾಗಿ ಗಟ್ಟಿಯಾಗಿ ಓದಿತು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ ಎತ್ತಿದ್ದು, ಕಟ್ಟದೇ ಇದ್ದಿದ್ದಕ್ಕೆ ಬಿಲ್ಲಾಗಿದ್ದು ಅಲ್ಲೇ ಎಲ್ಲರ ಎದುರು ಬಿಚ್ಚಿಕೊಳ್ತು. 1994ರಲ್ಲಿ ಮೊದಲ ಜನಸುನ್‌ವಾಯಿ ನಡೀತು. ಅಲ್ಲಿಂದ ಬೆಳೆದ ಒತ್ತಡ 2005ರ ಮಾಹಿತಿ ಹಕ್ಕು ಕಾಯ್ದೆ ಬರೋದಕ್ಕೆ ಒಂದು ಮುಖ್ಯ ಕಾರಣ.

"ಪಾರದರ್ಶಕತೆ"ಗಿಂತ ದೊಡ್ಡ ನಾಮಪದ ಯಾವುದಿದೆ? ಅದನ್ನ ಅವರು "ಬಿಲ್ ಓದುತ್ತೇವೆ" ಮಟ್ಟಕ್ಕೆ ಇಳಿಸಿದ್ರು. ಆದ್ದರಿಂದಲೇ ಓದುಬರಹ ಇಲ್ಲದ ಕೂಲಿಯವರಿಗೂ ಅದು ತಮ್ಮ ಹೋರಾಟ ಅನ್ನಿಸ್ತು.

8/8

ಕೊನೇದಾಗಿ, ಈ ವಾಕ್ಯಕ್ಕೆ ಒಂದು ಬೆಲೆ ಇದೆ. ಅದನ್ನ ಮುಚ್ಚಿಡಬಾರದು.

ಕಾಣೋ ಹಾಗೆ ಬರೆದ ವಾಕ್ಯ ನಿಮ್ಮ ಸೋಲನ್ನೂ ಕಾಣೋ ಹಾಗೆ ಮಾಡುತ್ತೆ. "ಸಬಲೀಕರಣ" ಆಯ್ತೋ ಇಲ್ವೋ ಅಂತ ಯಾರೂ ಕೇಳಲ್ಲ. "ಸರಿಯಾಗುವವರೆಗೂ ಓಡಾಡುತ್ತೇವೆ" ಅಂತ ಬರೆದರೆ ಕೇಳ್ತಾರೆ. ಈ ವರ್ಷ ಎಷ್ಟು ಜನ ಬಂದ್ರು, ಎಷ್ಟು ಜನಕ್ಕೆ ಹಣ ಮತ್ತೆ ಶುರುವಾಯ್ತು, ಎಷ್ಟು ದಿನ ಹಿಡೀತು, ಎಷ್ಟು ಫೈಲು ಇನ್ನೂ ತಾಲ್ಲೂಕು ಕಚೇರಿಯಲ್ಲಿ ಕೂತಿದೆ? ಹಳೇ ಬೋರ್ಡಿನ ಕೆಳಗೆ ಈ ಪ್ರಶ್ನೆ ಹುಟ್ಟೋಕೇ ಜಾಗ ಇರಲಿಲ್ಲ. ಕೆಲವು ಸಂಸ್ಥೆಗಳಿಗೆ ಹಳೇ ಬೋರ್ಡೇ ಇಷ್ಟ ಆಗೋದು ಇದಕ್ಕೇ ಅಂತ ನನ್ನ ಅನಿಸಿಕೆ.

ಇನ್ನೊಂದು ಬೆಲೆ, "ಇಲ್ಲ" ಅನ್ನಬೇಕಾಗುತ್ತೆ. ಮುಂದಿನ ವರ್ಷ ಯಾರೋ ಗಿಡ ನೆಡೋಕೆ ಹಣ ಕೊಡ್ತೀವಿ ಅಂತ ಬರ್ತಾರೆ. ಹಳೇ ವಾಕ್ಯದಲ್ಲಿ "ಸುಸ್ಥಿರ" ಇತ್ತು, ಗಿಡ ಅದರೊಳಗೆ ಆರಾಮಾಗಿ ಕೂರ್ತಿತ್ತು. ಐದು ಜನರಲ್ಲಿ ಇಬ್ಬರು ಗುಂಡಿ ತೋಡಿಸೋಕೆ ಹೋಗ್ತಿದ್ರು, ಪಿಂಚಣಿ ಕೆಲಸಕ್ಕೆ ಮೂವರು ಉಳೀತಿದ್ರು. ಹೊಸ ವಾಕ್ಯದಲ್ಲಿ ಗಿಡಕ್ಕೆ ಜಾಗ ಇಲ್ಲ. ಹಣ ಬಿಡಬೇಕು, ಇಲ್ಲಾ ವಾಕ್ಯ ಬದಲಾಯಿಸಿದ್ದೀವಿ ಅಂತ ಎಲ್ಲರಿಗೂ ಹೇಳಬೇಕು. ಎರಡೂ ಕಷ್ಟ. ಆದರೆ ಎರಡೂ ಬೆಳಕಿನಲ್ಲಿ ನಡೆಯುತ್ತೆ.

ವಾಕ್ಯ ಶಾಶ್ವತ ಅಲ್ಲ. ಪಿಂಚಣಿ ನಿಲ್ಲೋದೇ ಕಡಿಮೆಯಾದರೆ ಒಳ್ಳೇದೇ ಆಯ್ತು. ವರ್ಷಕ್ಕೊಮ್ಮೆ ಅದೇ ಮೂರು ಪುಸ್ತಕ ತೆಗೆದು ಎಣಿಸಿ. ದಿನಗಳು ಬೇರೆ ಕಡೆ ಹೋಗ್ತಿದ್ದರೆ ವಾಕ್ಯವೂ ಅಲ್ಲಿಗೆ ಹೋಗ್ಲಿ.

ನೀವು ಯಾವುದಾದರೂ ಸಂಸ್ಥೆಯಲ್ಲಿದ್ದರೆ, ಬೋರ್ಡಿನ ಮೇಲಿರೋ ವಾಕ್ಯವನ್ನ ಕಾಮೆಂಟಲ್ಲಿ ಹಾಕಿ, ಹೆಸರು ಬೇಡ. ಅದರ ಕೆಳಗೆ ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ನೀವು ನಿಜವಾಗಿ ಏನ್ ಮಾಡಿದ್ರಿ ಅಂತ ಬರೀರಿ, "-ದೆವು" ಅಂತ ಮುಗಿಸಿ. ಹೋದೆವು, ಕೇಳಿದೆವು, ಬರೆದೆವು. ಅದನ್ನೇ "-ತ್ತೇವೆ" ಮಾಡಿದರೆ ನಿಮ್ಮ ಹೊಸ ಬೋರ್ಡಿನ ಮೊದಲ ಕರಡು ಸಿಕ್ಕಿತು.

#ಕನ್ನಡ #ಸರಳಕನ್ನಡ #ಬರವಣಿಗೆ #ಸ್ವಯಂಸೇವಾಸಂಸ್ಥೆ